ಶುಕ್ರವಾರ ಮೂರು ಗಂಟೆಗೆ ಏನು ತೋರಿಸುತ್ತೀರಿ?

ಗುರುವಾರ ಬೆಳಿಗ್ಗೆ ಹತ್ತಕ್ಕೆ ಶುರು, ಶುಕ್ರವಾರ ಮಧ್ಯಾಹ್ನ ಮೂರಕ್ಕೆ ಡೆಮೊ. ಸಾಫ್ಟ್‌ವೇರ್ ಕಂಪನಿಗಳು ತಮ್ಮ ನೌಕರರಿಗಾಗಿಯೇ ನಡೆಸುವ ಎರಡು ದಿನದ ಹ್ಯಾಕಥಾನ್ ಸಾಮಾನ್ಯವಾಗಿ ಇಷ್ಟರೊಳಗೆ ಮುಗಿಯುತ್ತದೆ. ದಿನನಿತ್ಯದ ಕೆಲಸವನ್ನು ಬದಿಗಿಟ್ಟು ನಾಲ್ಕೈದು ಜನ ಒಂದು ತಂಡವಾಗುತ್ತಾರೆ, ಬಹಳ ದಿನದಿಂದ ತಲೆಯಲ್ಲಿದ್ದ ಒಂದು ಯೋಚನೆಯನ್ನು ಕಟ್ಟಿ ನೋಡುತ್ತಾರೆ, ಕೊನೆಯಲ್ಲಿ ಎಲ್ಲರ ಮುಂದೆ ಓಡಿಸಿ ತೋರಿಸುತ್ತಾರೆ. ಜಿರಾ, ಟ್ರೆಲೊ ಸಾಫ್ಟ್‌ವೇರ್‌ಗಳಿಂದ ಪರಿಚಿತವಾಗಿರುವ ಆಸ್ಟ್ರೇಲಿಯಾ ಮೂಲದ ಅಟ್ಲಾಸಿಯನ್ ಕಂಪನಿ 2005ರಲ್ಲೇ ಇಂಥದ್ದನ್ನು ಶುರುಮಾಡಿ ‘ಫೆಡೆಕ್ಸ್ ಡೇ’ ಎಂದು ಕರೆದಿತ್ತು. ರಾತ್ರಿ ಕಳೆಯುವುದರೊಳಗೆ ಪಾರ್ಸೆಲ್ ತಲುಪಿಸುವ ಕೊರಿಯರ್ ಕಂಪನಿಯ ಹೆಸರು ಅದು. 24 ಗಂಟೆಯಲ್ಲಿ ಏನಾದರೊಂದನ್ನು ತಲುಪಿಸಲೇಬೇಕು ಎಂಬುದು ಅವರ ನಿಯಮ. ಆಮೇಲೆ ಆ ಹೆಸರು ‘ಶಿಪ್‌ಇಟ್’ ಎಂದು ಬದಲಾಯಿತು.

ತಲುಪಿಸುವುದು ಎಂಬ ಈ ಭಾಗವೇ ಬಹಳ ಕಡೆ ಕೈಕೊಡುತ್ತದೆ. ಹುರುಪಿಗೆ, ಪಿಜ್ಜಾಗೆ, ಟೀಶರ್ಟಿಗೆ ಯಾವ ಕೊರತೆಯೂ ಇರುವುದಿಲ್ಲ. ಆದರೆ ಶುಕ್ರವಾರ ಮೂರು ಗಂಟೆಗೆ ಹನ್ನೊಂದು ತಂಡಗಳಲ್ಲಿ ನಾಲ್ಕು ಪ್ರೊಜೆಕ್ಟರ್ ಮುಂದೆ ನಿಂತು, “ಈಗಷ್ಟೇ ಓಡ್ತಿತ್ತು” ಎನ್ನುತ್ತವೆ. ಇದನ್ನು ತಪ್ಪಿಸಲು ದೊಡ್ಡ ವ್ಯವಸ್ಥೆಯೇನೂ ಬೇಕಿಲ್ಲ. ಒಂದು ಬೋರ್ಡು, ತಂಡಕ್ಕೊಂದು ಟಿಕೆಟ್, ಆ ಟಿಕೆಟ್ ದಾಟಬೇಕಾದ ಕೆಲವೇ ಹಂತಗಳು ಸಾಕು. ಹಂತಗಳನ್ನು ಹೇಗೆ ಗೆರೆ ಎಳೆದು ಬೇರ್ಪಡಿಸುತ್ತೇವೆ ಎಂಬುದರಲ್ಲಿ ಎಲ್ಲವೂ ಇದೆ.

ಬೋರ್ಡ್ ಎಂದರೆ ಗೋಡೆಯ ಮೇಲೆ ಅಥವಾ ಪರದೆಯ ಮೇಲೆ ಎಡದಿಂದ ಬಲಕ್ಕೆ ಎಳೆದ ಕೆಲವು ಅಂಕಣಗಳು. ಕೆಲಸದ ಚೀಟಿ ಎಡ ತುದಿಯಲ್ಲಿ ಹುಟ್ಟಿ, ಮುಂದುವರಿದಂತೆ ಬಲಕ್ಕೆ ಸರಿಯುತ್ತದೆ. ಟೊಯೋಟಾ ಕಾರ್ಖಾನೆಯ ಕಾನ್‌ಬಾನ್ ಚೀಟಿಗಳಿಂದ ಪ್ರೇರಣೆ ಪಡೆದ ಈ ಪದ್ಧತಿಯನ್ನು ಸಾಫ್ಟ್‌ವೇರಿನವರು ಎರಡು ದಶಕಗಳಿಂದ ಬಳಸುತ್ತಿದ್ದಾರೆ. ಹ್ಯಾಕಥಾನ್ ನಡೆಸುವವರು ಸಾಮಾನ್ಯವಾಗಿ ದಿನನಿತ್ಯದ ಬೋರ್ಡನ್ನೇ ತಂದು ನೇತುಹಾಕುತ್ತಾರೆ: ಮಾಡಬೇಕಾದ್ದು, ಮಾಡುತ್ತಿರುವುದು, ಮುಗಿದದ್ದು. ಎರಡು ದಿನದ ಕೆಲಸಕ್ಕೆ ಈ ಮೂರು ಅಂಕಣಗಳು ಏನನ್ನೂ ಹೇಳುವುದಿಲ್ಲ. ಎಲ್ಲ ಚೀಟಿಗಳೂ ಗುರುವಾರ ಹನ್ನೊಂದಕ್ಕೆ ನಡುವಿನ ಅಂಕಣಕ್ಕೆ ಬಂದು ಕೂತರೆ ಶುಕ್ರವಾರ ಎರಡೂಮುಕ್ಕಾಲರ ತನಕ ಅಲ್ಲೇ ಇರುತ್ತವೆ. ಆಮೇಲೆ ಒಂದೇ ಏಟಿಗೆ ಎಲ್ಲವೂ ‘ಮುಗಿದದ್ದು’ ಆಗುತ್ತವೆ.

ಆದ್ದರಿಂದ ಬೋರ್ಡನ್ನು ಬಲ ತುದಿಯಿಂದ, ಅಂದರೆ ಡೆಮೊ ಹೊತ್ತಿನಿಂದ ಹಿಂದಕ್ಕೆ ಲೆಕ್ಕಹಾಕಿಕೊಂಡು ಬರೆಯಬೇಕು. ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಲಾರಿ ಸಾಗಣೆಯವರಿಗೆ ಸಾಫ್ಟ್‌ವೇರ್ ಮಾಡಿಕೊಡುವ ಒಂದು ಕಂಪನಿ, 48 ಜನ, 11 ತಂಡ. ತಂಡಕ್ಕೆ ಮೂರು ನಿಮಿಷದ ಡೆಮೊ, ಒಂದು ನಿಮಿಷ ಪ್ರಶ್ನೆ, ಕೇಬಲ್ ಕಿತ್ತು ಇನ್ನೊಬ್ಬರಿಗೆ ಹಾಕಲು ಒಂದು ನಿಮಿಷ. ಒಟ್ಟು ಐದು ನಿಮಿಷದಂತೆ 55 ನಿಮಿಷ, ಮೂರಕ್ಕೆ ಶುರುವಾದರೆ ನಾಲ್ಕಕ್ಕೆ ಸ್ವಲ್ಪ ಮೊದಲು ಮುಗಿಯುತ್ತದೆ. ಡೆಮೊಗೆ ಮೊದಲು ಪ್ರತಿ ತಂಡದ್ದನ್ನೂ ಬೇರೆಯವರು ಒಮ್ಮೆ ಓಡಿಸಿ ಪರೀಕ್ಷಿಸಬೇಕು, ಅದಕ್ಕೆ ಎಂಟು ನಿಮಿಷ. ಪರೀಕ್ಷಿಸುವವರು ಒಬ್ಬರೇ ಆದರೆ 88 ನಿಮಿಷ. ಕೋಡ್ ಬದಲಾಯಿಸುವುದನ್ನು ಒಂದು ಗಂಟೆಗೆ ನಿಲ್ಲಿಸಿ ಎಂದರೆ, ಸಾಲಿನ ಕೊನೆಯಲ್ಲಿರುವ ತಂಡಕ್ಕೆ ತಮ್ಮದು ಓಡುತ್ತಿಲ್ಲ ಎಂದು ಗೊತ್ತಾಗುವುದು ಎರಡೂವರೆಗೆ. ಸರಿಪಡಿಸಲು ಉಳಿದದ್ದು ಅರ್ಧ ಗಂಟೆ. ಇಬ್ಬರು ಪರೀಕ್ಷಿಸಿದರೆ ಒಂದೂಮುಕ್ಕಾಲಿಗೆ ಮುಗಿಯುತ್ತದೆ. ಶುಕ್ರವಾರ ಬೆಳಿಗ್ಗೆ ಹತ್ತೂವರೆಯಿಂದಲೇ ಪರೀಕ್ಷೆ ತೆರೆದಿಟ್ಟರೆ ಸಾಲೇ ಕರಗುತ್ತದೆ.

ಇನ್ನೊಂದು ಲೆಕ್ಕವೂ ಇಲ್ಲಿಂದಲೇ ಹೊರಬೀಳುತ್ತದೆ. ಗುರುವಾರ ಹತ್ತರಿಂದ ಏಳು, ಊಟ ಕಳೆದರೆ ಎಂಟು ಗಂಟೆ. ಶುಕ್ರವಾರ ಒಂಬತ್ತೂವರೆಯಿಂದ ಒಂದು, ಮೂರೂವರೆ ಗಂಟೆ. ಉದ್ಘಾಟನೆಯ ಭಾಷಣಕ್ಕೆ ಅರ್ಧ ಗಂಟೆ ಹೋಯಿತು. ಎರಡು ದಿನ ಎಂದು ಕರೆಯುವುದು ನಿಜಕ್ಕೂ ಹನ್ನೊಂದು ಗಂಟೆ. ರಾತ್ರಿಯಿಡೀ ಕೂರುವವರು ಇರುತ್ತಾರೆ, ಬೇಡ ಎಂದರೂ ಕೂರುತ್ತಾರೆ. ಆದರೆ ಆ ಹೊತ್ತನ್ನು ನಂಬಿ ಬೋರ್ಡ್ ಬರೆಯಬಾರದು, ಮನೆಯಲ್ಲಿ ಮಗು ಕಾಯುತ್ತಿರುವವರೂ ಅದೇ ತಂಡದಲ್ಲಿರುತ್ತಾರೆ.

ಈಗ ಅಂಕಣಗಳು. ಮೊದಲನೆಯದು ‘ಐಡಿಯಾ’. ಎರಡನೆಯದು ‘ಕಟ್ಟುತ್ತಿದ್ದೇವೆ’. ಮೂರನೆಯದು ‘ಒಮ್ಮೆ ಓಡಿತು’. ನಾಲ್ಕನೆಯದು ‘ಡೆಮೊಗೆ ಸಿದ್ಧ’. ಐದನೆಯದು ‘ತೋರಿಸಿ ಆಯಿತು’. ಮೊದಲೆರಡು, ಕೊನೆಯದು ಹೇಳದೆಯೂ ಅರ್ಥವಾಗುತ್ತವೆ. ಮೂರು ಮತ್ತು ನಾಲ್ಕನೆಯದರ ನಡುವಿನ ಗೆರೆಯೇ ಈ ಬೋರ್ಡಿನ ಜೀವ.

‘ಒಮ್ಮೆ ಓಡಿತು’ ಎಂದರೆ ತೋರಿಸಬೇಕೆಂದಿರುವ ಕಥೆ ಆರಂಭದಿಂದ ಅಂತ್ಯದವರೆಗೆ ಒಂದು ಸಲ, ತಂಡದವರ ಯಂತ್ರದಲ್ಲಿ, ತಂಡದವರ ಕೈಯಲ್ಲಿ ಓಡಿದೆ ಎಂದರ್ಥ. ನಡುವಿನ ತುಂಡುಗಳು ನಕಲಿಯಾಗಿದ್ದರೂ ಪರವಾಗಿಲ್ಲ. ಡೇಟಾಬೇಸಿನ ಬದಲು ಐದು ಸಾಲಿನ ಪಟ್ಟಿ ಇರಬಹುದು, ಲಾಗಿನ್ ಇಲ್ಲದಿರಬಹುದು. ದಾರಿ ಮಾತ್ರ ಎಲ್ಲೂ ತುಂಡಾಗಿರಬಾರದು. ‘ಡೆಮೊಗೆ ಸಿದ್ಧ’ ಎಂದರೆ ಅದೇ ಕಥೆ, ಡೆಮೊಗೆ ಬಳಸುವ ಯಂತ್ರದಲ್ಲಿ, ಬೇರೆ ತಂಡದವರೊಬ್ಬರು ಗಡಿಯಾರ ಹಿಡಿದು ನೋಡುತ್ತಿರುವಾಗ, ಮೂರು ನಿಮಿಷದೊಳಗೆ ಓಡಿದೆ. ಪರದೆಯಲ್ಲಿ ನಿಜವಾದ ಗ್ರಾಹಕರ ಹೆಸರು, ಫೋನ್ ನಂಬರ್ ಕಾಣುತ್ತಿಲ್ಲ. ಯಾವುದು ನಕಲಿ ಎಂದು ಟಿಕೆಟ್‌ನಲ್ಲಿ ಬರೆದಿದೆ. ನೆಟ್ ಕೈಕೊಟ್ಟರೆ ಹಾಕಲು ಪರದೆಯ ಒಂದು ವಿಡಿಯೊ ರೆಕಾರ್ಡ್ ಮಾಡಿಟ್ಟಿದೆ. ಇದರಲ್ಲಿ ಗ್ರಾಹಕರ ಮಾಹಿತಿಯ ವಿಷಯವನ್ನು ಸಣ್ಣದೆಂದು ಬಿಡುವವರಿದ್ದಾರೆ. ಒಳಗಿನವರ ಸಭೆಯಾದರೂ ಫೋಟೊ ತೆಗೆಯುತ್ತಾರೆ, ಅದು ವಾಟ್ಸಾಪಿಗೆ ಹೋಗುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕಂಪನಿಯ ವಕೀಲರೂ ಈ ಫೋಟೊಗಳನ್ನು ನೋಡುತ್ತಾರೆ ಎಂಬುದು ನೆನಪಿರಲಿ.

ಗಮನಿಸಿ, ಈ ಎರಡೂ ಹಂತಗಳಲ್ಲಿ ಎಷ್ಟು ಕೆಲಸ ಆಗಿದೆ ಎಂಬ ಮಾತೇ ಇಲ್ಲ. ತೊಂಬತ್ತು ಪರ್ಸೆಂಟ್ ಎಂಬುದಕ್ಕೆ ಬೋರ್ಡಿನಲ್ಲಿ ಜಾಗವಿಲ್ಲ. ಮದುವೆ ಮನೆಯಲ್ಲಿ ಪಂಕ್ತಿ ಕೂರಿಸುವವರು ಭಟ್ಟರನ್ನು ಅಡುಗೆ ಎಷ್ಟು ಪರ್ಸೆಂಟ್ ಆಯಿತೆಂದು ಕೇಳುವುದಿಲ್ಲ, ಅನ್ನ ಬೆಂದಿದೆಯೋ ಇಲ್ಲವೋ ಎಂದು ಕೇಳುತ್ತಾರೆ.

ಇನ್ನು ಟಿಕೆಟ್. ತಂಡಕ್ಕೆ ಒಂದೇ. ಇಲ್ಲಿ ಅನುಭವಸ್ಥ ಮ್ಯಾನೇಜರುಗಳೇ ಎಡವುತ್ತಾರೆ. ದಿನನಿತ್ಯದ ಅಭ್ಯಾಸದಂತೆ ತಂಡಕ್ಕೆ ಎಂಟು ಹತ್ತು ಉಪಟಿಕೆಟ್ ಮಾಡಿಸುತ್ತಾರೆ. ಹನ್ನೊಂದು ತಂಡಕ್ಕೆ ನೂರು ಚೀಟಿ ಆದಾಗ ಬೋರ್ಡನ್ನು ಯಾರೂ ಓದುವುದಿಲ್ಲ, ಮೊದಲ ಒಂದು ಗಂಟೆ ಚೀಟಿ ಬರೆಯುವುದರಲ್ಲೇ ಹೋಗುತ್ತದೆ. ತಂಡದವರಿಗೆ ತಮ್ಮ ಒಳಗಿನ ಕೆಲಸ ಹಂಚಿಕೊಳ್ಳಲು ಪಟ್ಟಿ ಬೇಕಿದ್ದರೆ ಅವರ ಮೇಜಿನ ಮೇಲೆ ಹಾಳೆಯಲ್ಲಿ ಬರೆದುಕೊಳ್ಳಲಿ. ಊರೆಲ್ಲ ನೋಡುವ ಬೋರ್ಡಿನಲ್ಲಿ ಹನ್ನೊಂದೇ ಚೀಟಿ ಇರಬೇಕು, ದೂರದಿಂದ ಎಣಿಸಲು ಆಗಬೇಕು.

ಆ ಒಂದು ಟಿಕೆಟ್‌ನಲ್ಲಿ ಎಲ್ಲಕ್ಕಿಂತ ಮುಖ್ಯ ಡೆಮೊದ ಒಂದೇ ವಾಕ್ಯ. ನಮ್ಮ ಉದಾಹರಣೆಯ ಏಳನೇ ತಂಡವನ್ನು ನೋಡಿ. ಲೋಡ್ ಇಳಿಸಿದ ಮೇಲೆ ಡ್ರೈವರ್ ಸಹಿ ಹಾಕಿಸಿಕೊಂಡ ಎಲ್‌ಆರ್ ಹಾಳೆಯ ಫೋಟೊವನ್ನು ವಾಟ್ಸಾಪಿನಲ್ಲಿ ಕಳಿಸುತ್ತಾನೆ, ಆಫೀಸಿನಲ್ಲಿ ಗುಮಾಸ್ತರು ಅದರ ನಂಬರ್ ನೋಡಿ ಟೈಪ್ ಮಾಡಿ ಬಿಲ್ಲಿಗೆ ಸೇರಿಸುತ್ತಾರೆ. ಈ ಟೈಪಿಂಗ್ ತಪ್ಪಿಸಬೇಕೆಂಬುದು ಅವರ ಯೋಚನೆ. ಮೊದಲಿಗೆ ಅವರು ಬರೆದದ್ದು ‘ಡೆಲಿವರಿ ಪುರಾವೆ ಪ್ರಕ್ರಿಯೆಯ ಡಿಜಿಟಲೀಕರಣ’. ಇದು ಓಡಿತೇ ಇಲ್ಲವೇ ಎಂದು ಯಾರೂ ಹೇಳಲಾರರು. ಹಿಂದಕ್ಕೆ ಕೊಟ್ಟು ತಿದ್ದಿಸಿದ ಮೇಲೆ ಹೀಗಾಯಿತು: ‘ಡ್ರೈವರ್ ಎಲ್‌ಆರ್ ಮೇಲಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಸಹಿಯ ಫೋಟೊ ತೆಗೆದರೆ, ಹತ್ತು ಸೆಕೆಂಡಿನಲ್ಲಿ ಆಫೀಸಿನ ಪರದೆಯಲ್ಲಿ ಆ ಲೋಡ್ ಡೆಲಿವರಿ ಆಯಿತೆಂದು ತೋರಿಸುತ್ತದೆ.’ ಈಗ ಪರೀಕ್ಷಿಸುವವರು ಸಾಫ್ಟ್‌ವೇರ್ ಗೊತ್ತಿಲ್ಲದವರಾದರೂ ನಡೆಯುತ್ತದೆ. ವಾಕ್ಯದ ಕೆಳಗೆ ತಂಡದವರ ಹೆಸರು, ಡೆಮೊ ಕೊಡುವವರು ಯಾರು, ಯಾವ ಯಂತ್ರದಲ್ಲಿ, ಯಾವುದು ನಕಲಿ, ಬೇರೆಯವರಿಂದ ಏನು ಬೇಕು. ಇಷ್ಟೇ.

ಬೇರೆಯವರಿಂದ ಏನು ಬೇಕು ಎಂಬುದನ್ನು ಹಿಂದಿನ ದಿನವೇ ಬರೆಸಿಕೊಳ್ಳುವುದು ಜಾಣತನ. ಏಳನೇ ತಂಡ ಬರೆಯಲು ಮರೆಯಿತು. ಗುರುವಾರ ಹನ್ನೆರಡೂಕಾಲಿಗೆ ಟೆಸ್ಟ್ ಡೇಟಾಬೇಸಿನ ಅನುಮತಿ ಇಲ್ಲದೆ ನಿಂತಿತು. ಆಗ ಟಿಕೆಟ್ ಮೇಲೆ ಕೆಂಪು ಗುರುತು ಬಿತ್ತು. ಅಡ್ಡಿಯಾದ ಕೆಲಸಕ್ಕೆಂದು ಬೇರೆ ಅಂಕಣ ಮಾಡುವವರಿದ್ದಾರೆ, ನನಗೆ ಅದು ಒಪ್ಪಿಗೆಯಿಲ್ಲ. ಚೀಟಿ ಅಲ್ಲಿಗೆ ಹೋದರೆ ಅದು ಯಾವ ಹಂತದಲ್ಲಿತ್ತು ಎಂಬುದೇ ಮರೆಯಾಗುತ್ತದೆ, ಜೊತೆಗೆ ಆ ಅಂಕಣ ಯಾರದೂ ಅಲ್ಲದ ಗೋದಾಮಾಗುತ್ತದೆ. ಚೀಟಿ ಇದ್ದಲ್ಲೇ ಇರಲಿ, ಮೇಲೊಂದು ಕೆಂಪು ಗುರುತು, ಪಕ್ಕದಲ್ಲಿ ಅದನ್ನು ಬಿಡಿಸಬೇಕಾದವರ ಹೆಸರು. ಕೆಂಪು ಗುರುತು ಬಿಡಿಸುವುದು ತಂಡದ ಕೆಲಸವಲ್ಲ, ಹ್ಯಾಕಥಾನ್ ನಡೆಸುವವರ ಕೆಲಸ. ಎರಡು ಗಂಟೆಯೊಳಗೆ ಅನುಮತಿ ಸಿಕ್ಕಿತು. ಹನ್ನೊಂದು ಗಂಟೆಯಲ್ಲಿ ಎರಡು ಗಂಟೆ ಎಂದರೆ ಸಣ್ಣ ನಷ್ಟವೇನಲ್ಲ, ಆದರೆ ಸಂಜೆ ಆರಕ್ಕೆ ಗೊತ್ತಾಗಿದ್ದರೆ ಆ ದಿನವೇ ಹೋಗುತ್ತಿತ್ತು.

ಚೀಟಿ ಸರಿಸುವವರು ಯಾರು? ತಂಡದವರೇ ಸರಿಸಬೇಕೆಂದು ನಿಯಮ ಮಾಡಿದರೆ ಯಾರೂ ಸರಿಸುವುದಿಲ್ಲ, ಕೆಲಸದ ಗುಂಗಿನಲ್ಲಿರುತ್ತಾರೆ. ನಡೆಸುವವರಲ್ಲಿ ಒಬ್ಬರು ಗುರುವಾರ ಹನ್ನೆರಡು, ಮೂರು, ಆರು ಗಂಟೆಗೆ, ಶುಕ್ರವಾರ ಹನ್ನೊಂದಕ್ಕೆ ಮೇಜಿನಿಂದ ಮೇಜಿಗೆ ಹೋಗಿ ನೋಡಿ ಬಂದು ತಾವೇ ಸರಿಸಬೇಕು. ಒಂದು ಮೇಜಿಗೆ ಎರಡು ನಿಮಿಷ. ಸಭೆ ಕರೆಯಬಾರದು. ಕೇಳುವ ಪ್ರಶ್ನೆಯೂ ಒಂದೇ ಇರಬೇಕು.

“ಏನು ನಡೀತಿದೆ?” ಎಂದು ಕೇಳಿದರೆ, “ಆಲ್ಮೋಸ್ಟ್ ಆಯ್ತು ಮೇಡಂ, ಇಂಟಿಗ್ರೇಷನ್ ಒಂದು ಬಾಕಿ” ಎಂಬ ಉತ್ತರ ಬರುತ್ತದೆ. “ಈಗ ಓಡಿಸಿ ತೋರಿಸ್ತೀರಾ?” ಎಂದು ಕೇಳಿದರೆ ಬೇರೆಯದೇ ಮಾತು ಶುರುವಾಗುತ್ತದೆ.

ಗುರುವಾರ ಸಂಜೆ ಆರರ ಸುತ್ತು ಎಲ್ಲಕ್ಕಿಂತ ಮುಖ್ಯ. ಆ ಹೊತ್ತಿಗೆ ಹನ್ನೊಂದರಲ್ಲಿ ಕನಿಷ್ಠ ಅರ್ಧದಷ್ಟಾದರೂ ‘ಒಮ್ಮೆ ಓಡಿತು’ ಅಂಕಣದಲ್ಲಿರಬೇಕು. ಒಂದೂ ಇಲ್ಲದಿದ್ದರೆ ಎರಡರಲ್ಲೊಂದು ಕಾರಣ: ಎಲ್ಲರೂ ತುಂಡುಗಳನ್ನು ಬೇರೆ ಬೇರೆಯಾಗಿ ಕಟ್ಟಿ ಕೊನೆಗೆ ಜೋಡಿಸೋಣ ಎಂದುಕೊಂಡಿದ್ದಾರೆ, ಇಲ್ಲವೇ ಬೋರ್ಡನ್ನು ಯಾರೂ ಮುಟ್ಟಿಲ್ಲ. ಮೊದಲನೆಯದೇ ಅಪಾಯ. ಏಳನೇ ತಂಡ ಆ ಸಂಜೆ ಗೆರೆ ದಾಟಿತ್ತು, ಸ್ಕ್ಯಾನ್ ನಿಜ, ಫೋಟೊ ನಿಜ, ಆಫೀಸಿನ ಪರದೆಯಲ್ಲಿ ಕಾಣುವ ಐದು ಲೋಡ್ ಮಾತ್ರ ಕೈಯಲ್ಲಿ ಬರೆದಿಟ್ಟದ್ದು.

ಜಿರಾದಲ್ಲಿ ಬೋರ್ಡ್ ಇಟ್ಟುಕೊಂಡವರಿಗೆ, ಅಲುಗಾಡದೆ ಕೂತ ಚೀಟಿ ಹುಡುಕಲು ಒಂದು ಸಾಲು ಸಾಕು. ಪ್ರಾಜೆಕ್ಟಿನ ಹೆಸರು HACK, ಎರಡನೇ ಅಂಕಣದ ಸ್ಟೇಟಸ್ ಹೆಸರು Building ಎಂದಿದ್ದರೆ:

```
project = HACK AND status = "Building" AND updated <= -3h
```

ಮೂರು ಗಂಟೆಯಿಂದ ಯಾರೂ ಮುಟ್ಟದ, ಇನ್ನೂ ಕಟ್ಟುತ್ತಲೇ ಇರುವ ತಂಡಗಳ ಪಟ್ಟಿ ಬರುತ್ತದೆ. ಇದಕ್ಕೊಂದು ಮಿತಿಯಿದೆ. ಟಿಕೆಟ್‌ನಲ್ಲಿ ಯಾರಾದರೂ “ಸೂಪರ್” ಎಂದು ಕಾಮೆಂಟ್ ಹಾಕಿದರೂ ಅದು ಮುಟ್ಟಿದಂತೆಯೇ ಲೆಕ್ಕ. ಶುಕ್ರವಾರ ಬೆಳಿಗ್ಗೆ ಓಡಿಸಿದರೆ ಮಲಗಿ ಎದ್ದವರೆಲ್ಲ ಪಟ್ಟಿಯಲ್ಲಿರುತ್ತಾರೆ. ಹಾಗಾಗಿ ಮೇಜಿನ ಸುತ್ತು ತಪ್ಪುವುದಿಲ್ಲ.

ಶುಕ್ರವಾರ ಹನ್ನೊಂದೂ ಹತ್ತಕ್ಕೆ ಏಳನೇ ತಂಡ ಸಿದ್ಧ ಎಂದಿತು. ಪರೀಕ್ಷಿಸಲು ಮೂರನೇ ತಂಡದ ಹುಡುಗಿ ಬಂದಳು, ತನ್ನ ಫೋನಿನಲ್ಲಿ ಆಪ್ ಹಾಕಿಸಿಕೊಂಡು ಸ್ಕ್ಯಾನ್ ಮಾಡಿದಳು. ಸ್ಕ್ಯಾನ್ ಆಯಿತು, ಫೋಟೊ ಬಂತು, ಆಫೀಸಿನ ಪರದೆ ಅಲುಗಾಡಲಿಲ್ಲ. ಕಾರಣ ಹುಡುಕಲು ಹತ್ತು ನಿಮಿಷ ಬೇಕಾಯಿತು. ತಂಡ ಎರಡೂ ದಿನ ಲ್ಯಾಪ್‌ಟಾಪಿನೊಳಗೇ ಓಡುವ ತೋರಿಕೆಯ ಆಂಡ್ರಾಯ್ಡ್ ಫೋನಿನಲ್ಲಿ, ಅಂದರೆ ಎಮ್ಯುಲೇಟರಿನಲ್ಲಿ ಪರೀಕ್ಷಿಸುತ್ತಿತ್ತು. ಆಪಿನೊಳಗೆ ಸರ್ವರ್ ವಿಳಾಸ `10.0.2.2` ಎಂದಿತ್ತು. ಎಮ್ಯುಲೇಟರಿಗೆ ಆ ವಿಳಾಸವೆಂದರೆ ತನ್ನನ್ನು ಹೊತ್ತಿರುವ ಲ್ಯಾಪ್‌ಟಾಪ್. ನಿಜವಾದ ಫೋನಿಗೆ ಅದು ಅರ್ಥವಿಲ್ಲದ ನಂಬರ್. ಟಿಕೆಟ್ ‘ಒಮ್ಮೆ ಓಡಿತು’ ಅಂಕಣಕ್ಕೇ ವಾಪಸಾಯಿತು. ಸರ್ವರನ್ನು ಕಂಪನಿಯ ಟೆಸ್ಟ್ ಯಂತ್ರಕ್ಕೆ ಸಾಗಿಸಿ, ಆಪಿನ ವಿಳಾಸ ಬದಲಿಸಿ, ಹನ್ನೆರಡೂ ಇಪ್ಪತ್ತಕ್ಕೆ ಮತ್ತೆ ಪರೀಕ್ಷೆ. ಎರಡು ನಿಮಿಷ ನಲವತ್ತು ಸೆಕೆಂಡಿನಲ್ಲಿ ಓಡಿತು. ಇದೇ ತಪ್ಪು ಮೂರು ಗಂಟೆಗೆ ಪ್ರೊಜೆಕ್ಟರ್ ಮುಂದೆ ಸಿಕ್ಕಿದ್ದರೆ ಹತ್ತು ನಿಮಿಷ ಕೊಡುವವರು ಯಾರೂ ಇರುತ್ತಿರಲಿಲ್ಲ.

ಸಿದ್ಧ ಎಂದಾದ ಕ್ಷಣ ಕೋಡಿಗೆ ಒಂದು ಗುರುತು ಹಾಕಿಡಬೇಕು.

```
git tag demo-07
git push origin demo-07
```

ಆಮೇಲೆ ಯಾರು ಏನು ಬದಲಿಸಿ ಕೆಡಿಸಿದರೂ `git checkout -f demo-07` ಎಂದರೆ ಪರೀಕ್ಷೆ ಪಾಸಾದ ಕೋಡೇ ಮರಳಿ ಸಿಗುತ್ತದೆ. ಇದಕ್ಕೆ ಅಂಟಿಕೊಂಡ ನಿಯಮ ಸ್ವಲ್ಪ ಕಠಿಣ: ಗುರುತು ಹಾಕಿದ ಮೇಲೆ ಒಂದು ಸಾಲು ಬದಲಾದರೂ ಟಿಕೆಟ್ ಒಂದು ಅಂಕಣ ಹಿಂದಕ್ಕೆ, ಮತ್ತೆ ಪರೀಕ್ಷೆ. ಏಳನೇ ತಂಡದಲ್ಲಿ ಒಬ್ಬನಿಗೆ ಡೆಲಿವರಿ ಆದಾಗ ಲಾರಿಯ ಹಾರ್ನ್ ಸದ್ದು ಬರಲಿ ಎಂಬ ಆಸೆ ಹುಟ್ಟಿತು. ಆಗ ಹನ್ನೆರಡೂ ಐವತ್ತು. ಮತ್ತೆ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ ಎಂದಾಗ ಆಸೆ ಅಲ್ಲಿಗೇ ನಿಂತಿತು. ಕೊನೆಯ ಗಳಿಗೆಯ ಇಂಥ ಹಾರ್ನ್‌ಗಳೇ ಡೆಮೊಗಳನ್ನು ಕೆಡಿಸುವುದು ಹೆಚ್ಚು.

ನಾಲ್ಕನೇ ತಂಡದ ಕಥೆ ಬೇರೆ. ಶುಕ್ರವಾರ ಹನ್ನೊಂದಾದರೂ ಒಮ್ಮೆಯೂ ಓಡಿರಲಿಲ್ಲ. ಇಂಥವರಿಗೆ ಬೋರ್ಡಿನಲ್ಲಿ ಮರ್ಯಾದೆಯ ದಾರಿಯೊಂದು ಇರಬೇಕು. ಆರಂಭದಲ್ಲೇ ‘ಮಾತಿನಲ್ಲಿ ಮಾತ್ರ’ ಎಂಬ ಒಂದು ಅಂಕಣವನ್ನು ಬಲ ತುದಿಯಲ್ಲಿ ಎಳೆದಿಡಿ. ಅಲ್ಲಿಗೆ ಬಂದ ತಂಡಕ್ಕೆ ಮೂರು ನಿಮಿಷದ ಡೆಮೊ ಇಲ್ಲ, ಒಂದೇ ನಿಮಿಷ: ಏನು ಮಾಡಲು ಹೋದೆವು, ಎಲ್ಲಿ ಸಿಕ್ಕಿಬಿದ್ದೆವು, ಮುಂದಿನವರು ಏನು ಮಾಡಬಾರದು. ಹನ್ನೆರಡರೊಳಗೆ ಒಮ್ಮೆಯೂ ಓಡದಿದ್ದರೆ ಚೀಟಿ ಅಲ್ಲಿಗೆ. ಆ ಅಂಕಣ ಇಲ್ಲದಿದ್ದರೆ ತಂಡದವರು ಸೋಲು ಒಪ್ಪಿಕೊಳ್ಳಲು ನಾಚಿ, ಕೊನೆಯವರೆಗೆ ಆಲ್ಮೋಸ್ಟ್ ಎನ್ನುತ್ತಲೇ ಇರುತ್ತಾರೆ, ಡೆಮೊ ಹೊತ್ತಿನಲ್ಲಿ ಓಡದ ಪರದೆಯ ಮುಂದೆ ಆರು ನಿಮಿಷ ತಿನ್ನುತ್ತಾರೆ. ನಿಜ ಹೇಳಬೇಕೆಂದರೆ ಆ ಒಂದು ನಿಮಿಷದ ಮಾತುಗಳೇ ಕೆಲವೊಮ್ಮೆ ಕಂಪನಿಗೆ ಹೆಚ್ಚು ಉಪಯೋಗಕ್ಕೆ ಬರುತ್ತವೆ.

ಯಾವ ಯೋಚನೆ ಒಳ್ಳೆಯದು ಎಂಬುದನ್ನು ಈ ಬೋರ್ಡ್ ಹೇಳುವುದಿಲ್ಲ. ಅಂದವಾಗಿ ಓಡುವ ನಿರುಪಯೋಗಿ ಆಪ್ ‘ಡೆಮೊಗೆ ಸಿದ್ಧ’ ಅಂಕಣಕ್ಕೆ ಎಲ್ಲರಿಗಿಂತ ಮೊದಲು ಬರಬಹುದು. ಹಾಗಾಗಿ ಬಹುಮಾನಕ್ಕೂ ಅಂಕಣಕ್ಕೂ ಸಂಬಂಧ ಇಡಬಾರದು, ಮೊದಲು ಸಿದ್ಧವಾದವರಿಗೆ ಅಂಕ ಎಂದರಂತೂ ಸುಲಭದ ಯೋಚನೆಗಳೇ ಬರುತ್ತವೆ. ಮೂರ್ನಾಲ್ಕು ತಂಡವಿದ್ದರೆ ಬೋರ್ಡೇ ಬೇಡ, ಎದ್ದು ಹೋಗಿ ಮಾತಾಡಿದರೆ ಸಾಕು. ಐವತ್ತು ತಂಡವಿದ್ದರೆ ಒಂದೇ ಬೋರ್ಡು, ಇಬ್ಬರೇ ಪರೀಕ್ಷಕರು ಸಾಲುವುದಿಲ್ಲ. ಎಂಟು ನಿಮಿಷದಂತೆ ನಾಲ್ಕುನೂರು ನಿಮಿಷ ಆಗುತ್ತದೆ, ಗುಂಪು ಒಡೆಯಲೇಬೇಕು.

ನಡೆಸುವವರಿಗೆ ಕೊನೆಯದಾಗಿ ಒಂದು ಮನವಿ. ಶುಕ್ರವಾರ ಸಂಜೆ ಫೋಟೊ ತೆಗೆದು ಬೋರ್ಡನ್ನು ಹಾಗೇ ಬಿಟ್ಟು ಹೋಗಬೇಡಿ. ಸೋಮವಾರ ಕೂತು ‘ತೋರಿಸಿ ಆಯಿತು’ ಅಂಕಣದ ಪ್ರತಿ ಟಿಕೆಟ್‌ಗೂ, ಮುಂದುವರಿಸುವವರು ಯಾರು ಎಂದು ಒಬ್ಬರ ಹೆಸರು ಕೇಳಿ. ಯಾವುದು ನಕಲಿ ಎಂದು ಬರೆಸಿದ್ದ ಸಾಲನ್ನು ಅವರಿಗೆ ಓದಿ ಹೇಳಿ, ಏಕೆಂದರೆ ನಿಜವಾದ ಕೆಲಸ ಉಳಿದಿರುವುದು ಅಲ್ಲೇ. ಎರಡು ವಾರದಲ್ಲಿ ಯಾರ ಹೆಸರೂ ಬರದಿದ್ದರೆ ಆ ಟಿಕೆಟನ್ನು ಮುಚ್ಚಿಬಿಡಿ.